'ಸೂಕ್ತ ಕ್ರಮ' ಅಂದ್ರೆ ಎಂತ ಮಾರಾಯ್ರೆ?

ನಿನ್ನೆ ಹಂಪನಕಟ್ಟೆಯ ಹೋಟೆಲಿನಲ್ಲಿ ಗೋಳಿಬಜೆ ಬರುವ ಮೊದಲೇ ಚಿಕ್ಕಮ್ಮನ ಮಗಳು ಮೊಬೈಲ್ ನನ್ನ ಮುಖಕ್ಕೆ ಹಿಡಿದಳು. "ಅಕ್ಕ, ಇದ್ರಲ್ಲಿ ನಾನು ಗೆದ್ದದ್ದಾ ಸೋತದ್ದಾ, ನೋಡಿ ಹೇಳು."

ಅವಳ ಆಫೀಸಿನ ಎಚ್‌ಆರ್ ಪತ್ರ. ನಾಲ್ಕೇ ಸಾಲು. ದೂರನ್ನು ಗಂಭೀರವಾಗಿ ಪರಿಶೀಲಿಸಲಾಗಿದೆ, ಸೂಕ್ತ ಕ್ರಮ ಕೈಗೊಳ್ಳಲಾಗಿದೆ, ಗೌಪ್ಯತೆಯ ಕಾರಣ ವಿವರ ನೀಡಲಾಗದು, ಪ್ರಕರಣ ಮುಕ್ತಾಯ. ಎರಡು ಸಲ ಓದಿದೆ. ನನಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಬಜೆ ತಣ್ಣಗಾಯಿತು, ಆ ಸಿಟ್ಟು ಬೇರೆ.

ಅವಳು ದೂರು ಕೊಟ್ಟದ್ದು ಎರಡು ವಿಷಯಕ್ಕೆ. ಮ್ಯಾನೇಜರ್ ಮೀಟಿಂಗಿನಲ್ಲಿ ಎಲ್ಲರೆದುರು "ನಿನಗೆ ತಲೆ ಉಂಟಾ" ಅಂತ ಪದೇ ಪದೇ ಬೈದದ್ದು. ಅಜ್ಜಿ ತೀರಿಕೊಂಡ ಮೇಲಿನ ಬೊಜ್ಜಕ್ಕೆ ಸಿಕ್ಕಿದ್ದ ರಜೆಯನ್ನು ಕಾರಣ ಹೇಳದೆ ರದ್ದು ಮಾಡಿದ್ದು. ಇದರಲ್ಲಿ ಯಾವುದು ನಿಜ ಅಂತ ತೀರ್ಮಾನವಾಯಿತು? ಪತ್ರದಲ್ಲಿ ಇಲ್ಲ.

ಆ ಮನುಷ್ಯನಿಗೂ ಮಾನ ಇಲ್ವಾ ಅಂತ ನೀವು ಕೇಳಬಹುದು. ಉಂಟು. ಎಚ್ಚರಿಕೆ ಪತ್ರ ಕೊಟ್ಟರು ಅಂತ ಇವಳಿಗೆ ಹೇಳಿದರೆ ಸಂಜೆಯೊಳಗೆ ಕ್ಯಾಂಟೀನಿಗೆಲ್ಲ ಗೊತ್ತಾಗುತ್ತದೆ. ಆದರೆ ಶಿಕ್ಷೆ ಎಂತ ಅಂತ ಇವಳು ಕೇಳಲೇ ಇಲ್ಲವಲ್ಲ! ಶಿಕ್ಷೆ ಮುಚ್ಚಿಡಿ, ಸರಿ. ತೀರ್ಮಾನವನ್ನು ಯಾಕೆ ಮುಚ್ಚಿಡಬೇಕು? ಅದು ಇವಳದ್ದೇ ದೂರಿಗೆ ಸಿಕ್ಕ ಉತ್ತರ.

ಹೀಗೆ ಬರೆಯಬಹುದಿತ್ತು: "ಮೀಟಿಂಗಿನ ಬಗ್ಗೆ ಅಲ್ಲಿದ್ದವರನ್ನು ವಿಚಾರಿಸಿದೆವು, ನೀವು ಹೇಳಿದ್ದು ದೃಢಪಟ್ಟಿದೆ, ಇದು ನಮ್ಮ ನಡವಳಿಕೆ ನಿಯಮಕ್ಕೆ ವಿರುದ್ಧ. ರಜೆಯ ಬಗ್ಗೆ ಸಾಕಷ್ಟು ಪುರಾವೆ ಸಿಗಲಿಲ್ಲ, ಹಾಗಂತ ನೀವು ಸುಳ್ಳು ಹೇಳಿದಿರಿ ಅಂತ ಅಲ್ಲ. ಇನ್ನು ನಿಮ್ಮ ರಜೆಯನ್ನು ಬೇರೆಯವರು ನೋಡುತ್ತಾರೆ. ದೂರು ಕೊಟ್ಟದ್ದಕ್ಕೆ ಯಾರಾದರೂ ತೊಂದರೆ ಕೊಟ್ಟರೆ ಇಂಥವರಿಗೆ ತಿಳಿಸಿ." ಸಾಕ್ಷಿಗಳ ಹೆಸರಿಲ್ಲ, ಶಿಕ್ಷೆಯ ಮಾತಿಲ್ಲ. ಯಾರ ಗೌಪ್ಯತೆ ಹೋಯಿತು ಹೇಳಿ?

ಲೈಂಗಿಕ ಕಿರುಕುಳದ ದೂರಾದರೆ ಈ ನಾಲ್ಕು ಸಾಲಿನ ಆಟ ನಡೆಯುವುದೇ ಇಲ್ಲ. 2013ರ ಕಾಯ್ದೆ ಪ್ರಕಾರ ವಿಚಾರಣೆ ಮುಗಿದ 10 ದಿನದೊಳಗೆ ಆಂತರಿಕ ಸಮಿತಿ ವರದಿ ಕೊಡಬೇಕು, ಅದು ದೂರು ಕೊಟ್ಟವರಿಗೂ ಸಿಗಬೇಕು. ಅದನ್ನು ಊರಿಗೆ ಹಂಚುವಂತಿಲ್ಲ, ಅಷ್ಟೇ. ಬೈಗುಳದ ದೂರಿಗೆ ಅಂಥ ಕಾಯ್ದೆಯ ಬಲ ಇಲ್ಲ ಅಂತ ಇವರಿಗೆ ಚೆನ್ನಾಗಿ ಗೊತ್ತು.

ನಾನು ಸಾಚಾ ಅಲ್ಲ. ಎಚ್‌ಆರ್‌ನಲ್ಲಿದ್ದಾಗ ಇದೇ ನಾಲ್ಕು ಸಾಲನ್ನು ನಾನೂ ಹೆಸರು ಬದಲಿಸಿ ಕಳಿಸುತ್ತಿದ್ದೆ. ಒಮ್ಮೆ ಹೆಸರು ಬದಲಿಸಲೂ ಮರೆತಿದ್ದೆ. ಗೌಪ್ಯತೆಯಂತೆ!

ತಣ್ಣಗಾದ ಬಜೆ ತಿನ್ನುತ್ತಲೇ ಅವಳಿಂದ ಉತ್ತರ ಬರೆಸಿದೆ. "ಶಿಕ್ಷೆ ಏನೆಂದು ಕೇಳುತ್ತಿಲ್ಲ. ನನ್ನ ಎರಡು ದೂರುಗಳಲ್ಲಿ ಯಾವುದು ದೃಢಪಟ್ಟಿದೆ, ಇನ್ನು ನನ್ನ ರಜೆ ಯಾರು ನೋಡುತ್ತಾರೆ, ಇಷ್ಟು ತಿಳಿಸಿ." ಇನ್ನೂ ಉತ್ತರ ಬಂದಿಲ್ಲ. ಸೋಮವಾರ ಬೆಳಿಗ್ಗೆ ಅದೇ ಮ್ಯಾನೇಜರ್ ಜೊತೆ ಮೀಟಿಂಗ್ ಉಂಟಂತೆ.