ಮುರುಗಲು ಬಾಟಲಿಯಲ್ಲಿ 211 ಕಂಡರೆ ಗಾಬರಿ ಬೇಡ, 122 ಕಂಡರೆ ಯೋಚಿಸಿ

ಕುಮಟಾ, ಅಂಕೋಲಾ ಕಡೆ ಹೆದ್ದಾರಿ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುವ ಮುರುಗಲು, ಅಂದರೆ ಕೋಕಂ ಸಿರಪ್ ಬಾಟಲಿಯನ್ನು ತಿರುಗಿಸಿ ನೋಡಿ. ಕೆಲವುದರ ಮೇಲೆ ಹೀಗಿರುತ್ತದೆ: ಸಕ್ಕರೆ, ನೀರು, ಕೋಕಂ ರಸ, ಆಮ್ಲತೆ ನಿಯಂತ್ರಕ 330, ಸಂರಕ್ಷಕ 211, ಬಣ್ಣ 122. ಜನ ಬೈಯುವುದು 211ಕ್ಕೆ. ನನಗೆ ತಕರಾರು ಇರುವುದು ಕೊನೆಯದರ ಮೇಲೆ.

211 ಅಂದರೆ ಸೋಡಿಯಂ ಬೆಂಜೊಯೇಟ್. ಮುಚ್ಚಳ ತೆಗೆದ ಮೇಲೆ ಬಾಟಲಿಯೊಳಗೆ ಯೀಸ್ಟ್, ಬೂಷ್ಟು ಬೆಳೆಯದಂತೆ ತಡೆಯುವುದು ಇದರ ಕೆಲಸ. ಆದರೆ ಇದು ಹುಳಿಯಲ್ಲಿ ಮಾತ್ರ ನಡೆಯುತ್ತದೆ. ಹುಳಿ ಹೆಚ್ಚಿದಷ್ಟೂ ಅದರ ಅಳತೆಯಾದ ಪಿಎಚ್ ಇಳಿಯುತ್ತದೆ. ಪಿಎಚ್ 3ರಲ್ಲಿ ಹೆಚ್ಚುಕಡಿಮೆ ಪೂರ್ತಿ ಬೆಂಜೊಯಿಕ್ ಆಮ್ಲವಾಗಿ ಸೂಕ್ಷ್ಮಜೀವಿಯ ಒಳಗೆ ನುಗ್ಗುತ್ತದೆ, 4.2ರಲ್ಲಿ ಅರ್ಧ, 6ರಲ್ಲಿ ಹಾಕಿದರೂ ಒಂದೇ ಬಿಟ್ಟರೂ ಒಂದೇ. ಮುರುಗಲು ಮೊದಲೇ ಭಾರೀ ಹುಳಿ, ಹಾಗಾಗಿ ಇಲ್ಲಿ ಸ್ವಲ್ಪವೇ ಸಾಕು. ಲೀಟರಿಗೆ 700 ಮಿಲಿಗ್ರಾಂ ಹಾಕಿದರೆ ಸುಮಾರು 600 ಮಿಲಿಗ್ರಾಂ ಬೆಂಜೊಯಿಕ್ ಆಮ್ಲ ಸಿಗುತ್ತದೆ. ಮನೆಯಲ್ಲಿ ಮಾಡುವವರು ಪುಡಿಯನ್ನು ನೇರವಾಗಿ ಸಿರಪ್‌ಗೆ ಸುರಿಯಬಾರದು. ಹುಳಿ ತಾಗಿದಲ್ಲೇ ಬಿಳಿ ಕಣವಾಗಿ ಕೂತು ತಳ ಸೇರುತ್ತದೆ, ಮೇಲಿನ ಸಿರಪ್‌ಗೆ ರಕ್ಷಣೆಯೇ ಇರುವುದಿಲ್ಲ. ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ, ತಣಿದ ಸಿರಪ್‌ಗೆ ಕದಡುತ್ತಾ ಹಾಕಬೇಕು. ಆಗಲೇ ಹುಳಿತು ನೊರೆ ಬಂದ ಸಿರಪ್ ಇದರಿಂದ ಸರಿಯಾಗುವುದಿಲ್ಲ.

ಅನಾನಸ್, ನಿಂಬೆ ಸ್ಕ್ವಾಶ್‌ಗೆ ಹಾಕುವ 224, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಇಲ್ಲಿ ಯಾಕಿಲ್ಲ? ಅದರಿಂದ ಬರುವ ಗಂಧಕದ ಡೈಆಕ್ಸೈಡ್ ಮುರುಗಲಿನ ಕೆಂಪು ಬಣ್ಣವನ್ನೇ ಮಾಸಿಸಿಬಿಡುತ್ತದೆ. ಅಸ್ತಮಾ ಇದ್ದ ಕೆಲವರಿಗೆ ಉಸಿರು ಕಟ್ಟಿಸುವುದೂ ಅದೇ, ಅಂಥವರು ಸ್ಕ್ವಾಶ್ ಬಾಟಲಿಯಲ್ಲಿ 224 ಹುಡುಕಿ ನೋಡುವುದು ಒಳ್ಳೆಯದು. 211ಕ್ಕೂ ಒಂದು ಎಚ್ಚರಿಕೆ ಉಂಟು: ಜೊತೆಗೆ 300, ಅಂದರೆ ವಿಟಮಿನ್ ಸಿ ಇದ್ದು, ಬಾಟಲಿ ಬಿಸಿಲಲ್ಲಿ ಬೆಂದರೆ ಅತ್ಯಲ್ಪ ಪ್ರಮಾಣದಲ್ಲಿ ಬೆಂಜೀನ್ ಹುಟ್ಟಬಹುದು. ಆದ್ದರಿಂದ ಅಂಗಡಿಯ ಬಿಸಿಲು ಬೀಳುವ ಸಾಲಿನ ಬಾಟಲಿ ಬಿಟ್ಟು ಒಳಗಿನದನ್ನು ಕೇಳಿ.

ಇನ್ನು 122, ಕಾರ್ಮೊಯಿಸಿನ್ ಎಂಬ ಕೃತಕ ಕೆಂಪು. ಸಿಪ್ಪೆಯಲ್ಲೇ ಅಷ್ಟು ಬಣ್ಣ ಇರುವ ಹಣ್ಣಿಗೆ ಬಣ್ಣ ಯಾಕೆ ಬೇಕು ಮಾರಾಯ್ರೆ? ಜೊತೆಗೆ 330, ಸಿಟ್ರಿಕ್ ಆಮ್ಲವೂ ಇದ್ದರೆ ರಸ ಕಮ್ಮಿ ಹಾಕಿ ಹುಳಿಯನ್ನೂ ಕೆಂಪನ್ನೂ ಹೊರಗಿಂದ ತುಂಬಿರುವ ಸಂಶಯ ನನಗೆ ಬರುತ್ತದೆ. ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮ ಇರುವುದರಿಂದ ಕೋಕಂ ಎಷ್ಟನೆಯದು ಎಂಬುದನ್ನೂ ನೋಡಿ.

ಪರೀಕ್ಷೆ ಸುಲಭ. ಅರ್ಧ ಲೋಟ ನೀರಿಗೆ ಒಂದು ಚಮಚ ಸಿರಪ್ ಹಾಕಿ, ನೊರೆ ನಿಲ್ಲುವವರೆಗೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಸೇರಿಸಿ. ಹಣ್ಣಿನ ಬಣ್ಣವಾದರೆ ಕೆಂಪು ಹೋಗಿ ನೇರಳೆಗೋ ಮಂಕು ನೀಲಿಗೋ ತಿರುಗುತ್ತದೆ. ಕಾರ್ಮೊಯಿಸಿನ್ ಕೆಂಪಾಗಿಯೇ ಉಳಿಯುತ್ತದೆ. ಎರಡೂ ಬೆರೆತಿದ್ದರೆ ಈ ಪರೀಕ್ಷೆಯಿಂದ ಸ್ಪಷ್ಟ ಉತ್ತರ ಸಿಗುವುದಿಲ್ಲ. ತುಂಬಾ ಹಳೆಯ ಸಿರಪ್ ಆದರೆ ಅಸಲಿ ಬಣ್ಣವೂ ಕಂದಾಗಿರುತ್ತದೆ, ಹೊಸ ಬಾಟಲಿಯಲ್ಲೇ ಮಾಡಿ.