ಸೊನ್ನೆಯ ಗುರುತು ಮೊದಲ ಸಾಲು-ಕಾಲಂನಲ್ಲೇ ಇರಲಿ: ಪರ-ವಿರೋಧ

ಪರ: ಜಾಗ ಮನೆಯಲ್ಲೇ ಇದೆ

ಮ್ಯಾಟ್ರಿಕ್ಸ್‌ನಲ್ಲಿ ಸೊನ್ನೆ ಇರುವ ಕಡೆಯೆಲ್ಲ ಅದರ ಇಡೀ ಸಾಲು, ಇಡೀ ಕಾಲಂ ಸೊನ್ನೆಯಾಗಬೇಕು. ಕಂಡಕಂಡಲ್ಲೇ ಅಳಿಸುತ್ತ ಹೋದರೆ ಮೂಲದ ಸೊನ್ನೆ ಯಾವುದು, ನಾವು ತುಂಬಿದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಮೊದಲು ಗುರುತು, ಆಮೇಲೆ ಅಳಿಸುವುದು. `a[i][j]` ಸೊನ್ನೆಯಾಗಿದ್ದರೆ `a[i][0]` ಮತ್ತು `a[0][j]` ಎರಡನ್ನೂ ಸೊನ್ನೆ ಮಾಡಿ. ಅಲ್ಲಿದ್ದ ಅಂಕಿ ಹೋಯಿತಲ್ಲ ಎಂದು ಕೊರಗಬೇಕಿಲ್ಲ, ಅವೆರಡೂ ಕೊನೆಗೆ ಸೊನ್ನೆಯಾಗಬೇಕಾದ ಮನೆಗಳೇ. ಗುರುತಿಗೆಂದು -1 ಇಟ್ಟು, ಅದು ನಿಜವಾದ ಬೆಲೆಯೋ ಗುರುತೋ ಎಂದು ಒದ್ದಾಡುವ ಪಾಡೂ ಇಲ್ಲ.

ಗುರುತು ಹಾಕುವ ಮುಂಚೆಯೇ ಎರಡು ಸಂಗತಿ ಬರೆದಿಟ್ಟುಕೊಳ್ಳಬೇಕು: ಮೊದಲ ಸಾಲಿನಲ್ಲಿ ಮೂಲತಃ ಸೊನ್ನೆ ಇತ್ತೇ, ಮೊದಲ ಕಾಲಂನಲ್ಲಿ ಇತ್ತೇ? ಆಮೇಲೆ ಒಳಗಿನ ಮನೆಗಳು:

```python
for i in range(1, m):
    for j in range(1, n):
        if a[i][0] == 0 or a[0][j] == 0:
            a[i][j] = 0
```

ಮೊದಲ ಸಾಲು, ಮೊದಲ ಕಾಲಂಗಳ ಸರದಿ ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ಏನಾಗುತ್ತದೆ ನೋಡಿ. ಎಡಗಡೆ ಮೂಲ, ಬಲಗಡೆ ಬರಬೇಕಾದ ಸರಿ ಉತ್ತರ:

```
7 0 4        0 0 0
5 6 8   ->   5 0 8
2 3 9        2 0 9
```

ಮೊದಲ ಸಾಲನ್ನು ಮುಂಚೆಯೇ ಅಳಿಸಿದಿರೋ, 4 ಇದ್ದ ಮನೆಯೂ ಸೊನ್ನೆಯಾಗಿ ಗುರುತಿನಂತೆ ಕಾಣುತ್ತದೆ. ಅದರ ಕೆಳಗಿನ 8, 9 ಸುಮ್ಮನೆ ಹೋಗುತ್ತವೆ. ಉತ್ತರದಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಸೊನ್ನೆ ಕಂಡರೆ ಮೊದಲು ಶಂಕಿಸಬೇಕಾದ್ದು ಈ ಕ್ರಮವನ್ನೇ.

ಗುರುತಿಗೆಂದೇ ಸಾಲುಗಳಿಗೊಂದು, ಕಾಲಂಗಳಿಗೊಂದು ಎಂದು ಬೇರೆ ಎರಡು ಅರೇ ಇಟ್ಟರೆ ಓದಲು ಸುಲಭವಂತೆ. ಹಾಗಿದ್ದರೆ ಇಡೀ ಮ್ಯಾಟ್ರಿಕ್ಸನ್ನೇ ನಕಲು ಮಾಡಿಬಿಡಿ, ಇನ್ನೂ ಸುಲಭ!

ವಿರೋಧ: ಉಳಿಸಿದ್ದೆಷ್ಟು?

ವಿಧಾನ ತಪ್ಪೆಂದು ನಾನೂ ಹೇಳಲಾರೆ. ಸಂದರ್ಶನದಲ್ಲಿ ಕೇಳಿದರೆ ಇದನ್ನೇ ಬರೆಯಬೇಕು. ಆದರೆ ಲೆಕ್ಕ ಹಾಕಿ. 1000×1000 ಮ್ಯಾಟ್ರಿಕ್ಸ್, ಒಂದೊಂದು ಅಂಕಿಗೆ 4 ಬೈಟ್ ಎಂದರೆ 40 ಲಕ್ಷ ಬೈಟ್. ಸಾಲಿಗೊಂದು, ಕಾಲಂಗೊಂದು ಎಂದು ಬೈಟ್ ಇಟ್ಟರೆ ಹೆಚ್ಚಿಗೆ ಬೇಕಾದ್ದು 2000. ಇಷ್ಟಕ್ಕಾಗಿ `a[0][0]` ಎಂಬ ಒಂದೇ ಮನೆಗೆ ಎರಡು ಕೆಲಸ ಹಚ್ಚುತ್ತೇವೆ. ಬರೆದಿಟ್ಟುಕೊಳ್ಳುವ ಹೆಜ್ಜೆ ಮರೆತು ಆ ಮನೆಯನ್ನೇ ನಂಬಿದರೆ ಮೇಲಿನ ಉದಾಹರಣೆಯಲ್ಲೇ 5 ಮತ್ತು 2 ಕೂಡ ಅಳಿಯುತ್ತವೆ: ಮೊದಲ ಸಾಲಿನ ಸೊನ್ನೆಗೆಂದು ಹಾಕಿದ ಗುರುತನ್ನು ಮೊದಲ ಕಾಲಂ ತನ್ನದೆಂದು ಓದುತ್ತದೆ.

ಇನ್ನೊಂದು ತೊಡಕೂ ಉಂಟು. ಕೆಲಸ ಅರ್ಧಕ್ಕೆ ನಿಂತರೆ ಕೈಯಲ್ಲಿರುವುದು ಮೂಲವೂ ಅಲ್ಲ, ಉತ್ತರವೂ ಅಲ್ಲ. ಅದೇ ಹೊತ್ತಿಗೆ ಬೇರೊಂದು ಥ್ರೆಡ್ ಆ ಮ್ಯಾಟ್ರಿಕ್ಸನ್ನು ಓದುತ್ತಿದ್ದರೆ ಗುರುತನ್ನೇ ಬೆಲೆಯೆಂದು ತಿಳಿಯುತ್ತದೆ. ನಿಜ, ಎರಡು ಅರೇ ಇಟ್ಟರೂ ಅದೇ ಮ್ಯಾಟ್ರಿಕ್ಸ್ ಮೇಲೆ ಬರೆಯುವಾಗ ಈ ಅಪಾಯ ಪೂರ್ತಿ ತಪ್ಪದು. ಗುರುತು ಹಾಕುವ ಸುತ್ತು ಮುಗಿಯುವವರೆಗಾದರೂ ಮೂಲ ಹಾಗೇ ಇರುತ್ತದೆ.