‘ನೋಡೋಣ’ ಅಂದರೆ ಮುಗಿಯುವುದಿಲ್ಲ

ನಾನಿರುವ ಕೊಲರಾಡೊದಲ್ಲಿ ಕೆಲಸದ ಜಾಹೀರಾತಿನಲ್ಲೇ ಸಂಬಳದ ಶ್ರೇಣಿ ಹಾಕಬೇಕು ಅಂತ 2021ರ ಜನವರಿಯಿಂದ ಕಾನೂನಿದೆ. ಹಿಂದಿನ ಸಂಬಳ ಎಷ್ಟು ಅಂತ ಕೇಳುವ ಹಾಗೂ ಇಲ್ಲ. ಶ್ರೇಣಿಯನ್ನು ಬೇಕೆಂದೇ ತೀರಾ ಅಗಲ ಮಾಡಿ ಹಾಕುವವರೂ ಇದ್ದಾರೆ, ಬಿಡಿ. ಆದರೂ ಸಂಬಳ ಸಾಕಾಗದ ಕಡೆ ನಾವು ಅರ್ಜಿ ಹಾಕುವುದೇ ಇಲ್ಲ.

ಭಾರತದಲ್ಲಿ ರಿಕ್ರೂಟರ್ ಮೊದಲು ಕೇಳುವುದೇ ‘ಈಗಿನ ಸಿಟಿಸಿ ಎಷ್ಟು?’ ಅಂತ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಅವರ ಬ್ಯಾಂಡ್, ಅಂದರೆ ಸಂಬಳದ ಶ್ರೇಣಿ, ಗೊತ್ತಾಗುವುದು ಎರಡು ಸುತ್ತು ಮುಗಿದ ಮೇಲೆ. ಸೋಮವಾರಪೇಟೆಯ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ನನ್ನ ಚಿಕ್ಕಪ್ಪನ ಮಗನಿಗೂ ಹಾಗೇ ಆಯಿತು. ಅವನಿಗೆ ವರ್ಷಕ್ಕೆ 20 ಲಕ್ಷ ಫಿಕ್ಸೆಡ್‌ಗಿಂತ ಕೆಳಗೆ ಇಳಿಯುವ ಮನಸ್ಸಿಲ್ಲ. ಹೊಸ ಕೆಲಸಕ್ಕೆ ಕರೆದ ಕಂಪನಿಯ ಬ್ಯಾಂಡಿನ ತುದಿ ಸಿಟಿಸಿ ಲೆಕ್ಕದಲ್ಲಿ 22 ಲಕ್ಷ.

“ಸರಿ ಇದೆಯಲ್ಲ ಅಣ್ಣ?” ಅಂದ.

ಬಿಡಿಸಿ ನೋಡು ಅಂದೆ. 22ರಲ್ಲಿ ಖಚಿತವಿಲ್ಲದ ವೇರಿಯಬಲ್ ಶೇ 15, ಅಂದರೆ 3.3 ಲಕ್ಷ. ಬೇಸಿಕ್ 8.8 ಲಕ್ಷ, ಅದರ ಮೇಲೆ ಕಂಪನಿ ಕಟ್ಟುವ ಶೇ 12 ಪಿಎಫ್, ಶೇ 4.81 ಗ್ರಾಚ್ಯುಟಿ, ಎರಡೂ ಸೇರಿ ಹತ್ತಿರ ಒಂದೂವರೆ ಲಕ್ಷ. ಉಳಿದದ್ದು ಸುಮಾರು 17.2 ಲಕ್ಷ, ಅದೂ ತೆರಿಗೆ ಕಳೆಯುವ ಮೊದಲು.

ಅಷ್ಟರಲ್ಲಾಗಲೇ ಅವನು ರಿಕ್ರೂಟರ್‌ಗೆ ‘ನೋಡೋಣ ಸರ್’ ಅಂದುಬಿಟ್ಟಿದ್ದ. ಮುಖಕ್ಕೆ ಹೊಡೆದ ಹಾಗೆ ಹೇಳಬಾರದಂತೆ. ಇದೇ ಹುಡುಗ ಕಾಫಿ ಕೊಳ್ಳಲು ಮನೆಗೆ ಬಂದ ವ್ಯಾಪಾರಿಗೆ “ಆ ರೇಟಿಗೆ ಆಗಲ್ಲ, ರೇಟ್ ಏರಿದರೆ ಬನ್ನಿ” ಅಂತ ನಗುತ್ತಲೇ ಹೇಳಿ ಕಳಿಸುತ್ತಾನೆ. ವ್ಯಾಪಾರಿ ಬೇಜಾರಾಗುವುದಿಲ್ಲ, ಮುಂದಿನ ವರ್ಷವೂ ಬರುತ್ತಾನೆ. ರಿಕ್ರೂಟರ್ ಕೂಡ ಅಷ್ಟೇ. ‘ನೋಡೋಣ’ ಅಂದರೆ ಅವರ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಫೋನು ನಿಲ್ಲುವುದಿಲ್ಲ.

ಕೊನೆಗೆ ಅವನು ರಿಕ್ರೂಟರ್‌ಗೆ ಒಂದೇ ಒಂದು ಪ್ರಶ್ನೆ ಕಳಿಸಿದ: “ವೇರಿಯಬಲ್, ಪಿಎಫ್, ಗ್ರಾಚ್ಯುಟಿ ಬಿಟ್ಟು ಫಿಕ್ಸೆಡ್ 20 ಲಕ್ಷಕ್ಕೆ ಒಪ್ಪಿಗೆ ಸಿಗಬಹುದಾ?” ಬಂದ ಉತ್ತರ: “ಮೊದಲು ಇಂಟರ್‌ವ್ಯೂ ಮುಗಿಸಿ, ಆಮೇಲೆ ನೋಡಿಕೊಳ್ಳೋಣ.” ಬ್ಯಾಂಡ್ ಮೀರಿಸುವುದು ಸಾಮಾನ್ಯವಾಗಿ ರಿಕ್ರೂಟರ್ ಕೈಲಿರುವುದಿಲ್ಲ, ಮೇಲಿನವರ ಒಪ್ಪಿಗೆ ಬೇಕು. ಆ ಒಪ್ಪಿಗೆ ಮೇಲ್‌ನಲ್ಲಿ ಬರದಿದ್ದರೆ ಇಲ್ಲ ಅಂತಲೇ ಲೆಕ್ಕ. ಜಾಯ್ನಿಂಗ್ ಬೋನಸ್ ಕೊಟ್ಟು ಸರಿದೂಗಿಸುತ್ತೇವೆ ಅನ್ನುವವರಿದ್ದಾರೆ. ಅದು ಒಂದೇ ಸಲ ಬರುವ ದುಡ್ಡು, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಿ ಅಂತ ಷರತ್ತು ಬೇರೆ ಇರುತ್ತದೆ.

ಹಾಗಾಗಿ ಮರುದಿನ ಇಷ್ಟು ಬರೆದ: “ನಿಮ್ಮ ಸಮಯಕ್ಕೆ ಧನ್ಯವಾದ. ಕೆಲಸ ಇಷ್ಟವಾಯಿತು. ಆದರೆ ಬ್ಯಾಂಡ್ ನನ್ನ ಕನಿಷ್ಠಕ್ಕಿಂತ ಕೆಳಗಿದೆ, ಆದ್ದರಿಂದ ಇಲ್ಲಿಗೇ ಹಿಂದೆ ಸರಿಯುತ್ತಿದ್ದೇನೆ. ಗುರುವಾರದ ಇಂಟರ್‌ವ್ಯೂ ರದ್ದು ಮಾಡಿ. ಫಿಕ್ಸೆಡ್ 20ರಿಂದ ಶುರುವಾಗುವ ಕೆಲಸ ಬಂದರೆ ಖಂಡಿತ ತಿಳಿಸಿ.”

ಮನೆ ಸಾಲ, ಮಕ್ಕಳ ಫೀಸು ಅಂತ ಕಾರಣ ಸೇರಿಸಲು ಹೊರಟಿದ್ದ, ಬೇಡ ಅಂದೆ. ಕಾರಣ ಕೊಟ್ಟರೆ ಅವರು ಕಾರಣದ ಜೊತೆ ಚೌಕಾಸಿಗೆ ಕೂರುತ್ತಾರೆ. ‘ಕನಿಷ್ಠ’ ಅಂತ ಬರೆದ ಮೇಲೆ 19ಕ್ಕೆ ಒಪ್ಪುವ ಹಾಗೂ ಇಲ್ಲ. ಒಪ್ಪುವುದಾದರೆ ಮೊದಲೇ 19 ಅಂತ ಬರೆಯಬೇಕಿತ್ತು.